‘ಸರಾಸರಿ ಶೇ. 11’ ಎನ್ನುವ ಠೇವಣಿ ನಿಜಕ್ಕೂ ಕೊಡುವುದು ಎಷ್ಟು?

ಅಡಿಕೆ ಮಾರಿದ ದುಡ್ಡು ಖಾತೆಗೆ ಬೀಳುವ ಹೊತ್ತಿಗೆ ಸರಿಯಾಗಿ ಠೇವಣಿಯ ಕರಪತ್ರಗಳೂ ವಾಟ್ಸಾಪ್‌ಗೆ ಬೀಳುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಊರಿಗೊಂದು ಸೊಸೈಟಿ ಇದೆ, ಪೇಟೆಯಲ್ಲಿ ಬ್ಯಾಂಕುಗಳಿವೆ, ಅಂಚೆ ಕಚೇರಿಯಿದೆ, ವಿಮೆಯ ಏಜೆಂಟರಿದ್ದಾರೆ. ಒಬ್ಬರು ‘9 ವರ್ಷಕ್ಕೆ ದುಪ್ಪಟ್ಟು’ ಎನ್ನುತ್ತಾರೆ. ಇನ್ನೊಬ್ಬರು ‘ಶೇ. 8.5 ಬಡ್ಡಿ’ ಎನ್ನುತ್ತಾರೆ. ಮತ್ತೊಬ್ಬರು ‘ಸರಾಸರಿ ಇಳುವರಿ ಶೇ. 11.1’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಮೂರೂ ಬೇರೆ ಬೇರೆ ಅಳತೆಗಳು. ಒಂದು ಸೇರಿನಲ್ಲಿ, ಒಂದು ಕೊಳಗದಲ್ಲಿ, ಒಂದು ಕಿಲೋದಲ್ಲಿ ಅಳೆದ ಹಾಗೆ.

ಠೇವಣಿಯ ಕರಪತ್ರದಲ್ಲಿ ಈ ‘ಸರಾಸರಿ ಇಳುವರಿ’ ಎಂಬ ಸಂಖ್ಯೆಯನ್ನು ಹಾಕುವುದೇ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಅದರ ಜಾಗದಲ್ಲಿ ‘ವರ್ಷದ ಚಕ್ರಬಡ್ಡಿ ದರ’ ಎಂಬ ಒಂದು ಸಾಲು ಬರಬೇಕು. ಇಂಗ್ಲಿಷ್ ಬಲ್ಲವರು ಇದನ್ನೇ ಸಿಎಜಿಆರ್ ಅನ್ನುತ್ತಾರೆ. ಹಾಕಿದ ಹಣ ಇಷ್ಟು, ಕೊನೆಗೆ ಬಂದ ಹಣ ಇಷ್ಟು, ನಡುವೆ ಕಳೆದ ವರ್ಷ ಇಷ್ಟು ಎಂದು ಗೊತ್ತಿದ್ದರೆ, ಪ್ರತಿವರ್ಷ ಒಂದೇ ದರದಲ್ಲಿ ಚಕ್ರಬಡ್ಡಿ ಸೇರುತ್ತ ಬಂದಿದ್ದರೆ ಆ ದರ ಎಷ್ಟಿರುತ್ತಿತ್ತು ಎಂದು ಹೇಳುವ ಸಂಖ್ಯೆ ಅದು. ಮೂರು ಕಡೆಯ ಮಾತನ್ನು ಒಂದೇ ತಕ್ಕಡಿಗೆ ಹಾಕಲು ಅದರಿಂದ ಆಗುತ್ತದೆ.

ಸರಾಸರಿ ಹೇಗೆ ಉಬ್ಬುತ್ತದೆ

ಉದಾಹರಣೆಗೆ ಒಂದು ಕರಪತ್ರ ತೆಗೆದುಕೊಳ್ಳೋಣ. 1 ಲಕ್ಷ ರೂಪಾಯಿ ಇಟ್ಟರೆ 9 ವರ್ಷಕ್ಕೆ 2 ಲಕ್ಷ. ಬಡ್ಡಿ 1 ಲಕ್ಷ, ಅಂದರೆ ಅಸಲಿನ ನೂರಕ್ಕೆ ನೂರು. 100ನ್ನು 9ರಿಂದ ಭಾಗಿಸಿದರೆ 11.1. ಕರಪತ್ರದ ‘ಸರಾಸರಿ ಇಳುವರಿ’ ಬಂದದ್ದು ಹೀಗೆ. ಭಾಗಾಕಾರ ತಪ್ಪಿಲ್ಲ. ಆದರೆ ಈ ಲೆಕ್ಕ ಒಂದು ಸಂಗತಿಯನ್ನು ಮುಚ್ಚಿಡುತ್ತದೆ. ಎರಡನೇ ವರ್ಷದಿಂದ ಬಡ್ಡಿ ಬರುವುದು 1 ಲಕ್ಷಕ್ಕಲ್ಲ, ಮೊದಲ ವರ್ಷದ ಬಡ್ಡಿ ಸೇರಿ ಬೆಳೆದ ಮೊತ್ತಕ್ಕೆ. ಕೊನೆಯ ವರ್ಷದಲ್ಲಂತೂ 1 ಲಕ್ಷ 85 ಸಾವಿರದಷ್ಟು ದುಡ್ಡು ದುಡಿಯುತ್ತಿರುತ್ತದೆ. ದುಡಿದದ್ದು ದೊಡ್ಡ ಮೊತ್ತ, ಭಾಗಿಸುವಾಗ ಮಾತ್ರ ಮೊದಲು ಇಟ್ಟ ಸಣ್ಣ ಮೊತ್ತವನ್ನೇ ಹಿಡಿದರೆ ದರ ದೊಡ್ಡದಾಗಿ ಕಾಣಲೇಬೇಕು.

ನಿಜವಾದ ದರ ಎಷ್ಟು? 9 ವರ್ಷಕ್ಕೆ ದುಪ್ಪಟ್ಟು ಎಂದರೆ ವರ್ಷಕ್ಕೆ ಶೇ. 8.0. ಪರೀಕ್ಷೆ ಮಾಡುವುದು ಕಷ್ಟವಲ್ಲ. ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ 1,00,000 ಒತ್ತಿ, ಅದನ್ನು 1.08ರಿಂದ ಒಂಬತ್ತು ಸಲ ಗುಣಿಸಿ. 1,99,900 ಬರುತ್ತದೆ. ಅದೇ 1.111ರಿಂದ ಒಂಬತ್ತು ಸಲ ಗುಣಿಸಿ ನೋಡಿ, ಸುಮಾರು 2 ಲಕ್ಷ 58 ಸಾವಿರ ಬರುತ್ತದೆ. ನಿಜಕ್ಕೂ ಶೇ. 11.1 ಚಕ್ರಬಡ್ಡಿ ಸಿಕ್ಕಿದ್ದರೆ ಕೈಗೆ ಬರಬೇಕಾಗಿದ್ದ ಹಣ ಅದು. ಕರಪತ್ರ ಕೊಡುವುದು 2 ಲಕ್ಷ.

ಇದರಲ್ಲಿ ಇನ್ನೊಂದು ಗುಟ್ಟಿದೆ. ನಿಜವಾದ ದರ ಒಂದೇ ಇದ್ದರೂ ಅವಧಿ ಉದ್ದವಾದಷ್ಟೂ ಸರಾಸರಿ ಉಬ್ಬುತ್ತ ಹೋಗುತ್ತದೆ. ವರ್ಷಕ್ಕೆ ಶೇ. 8ರ ಚಕ್ರಬಡ್ಡಿಯನ್ನೇ ಹಿಡಿಯಿರಿ. 3 ವರ್ಷದ ಠೇವಣಿಗೆ ‘ಸರಾಸರಿ’ ಶೇ. 8.7 ಆಗುತ್ತದೆ, 5 ವರ್ಷಕ್ಕೆ 9.4, 10 ವರ್ಷಕ್ಕೆ 11.6. ಠೇವಣಿ ಒಂದಿಷ್ಟೂ ಚೆನ್ನಾಗಿ ಆಗಿಲ್ಲ, ದುಡ್ಡು ಹೆಚ್ಚು ದಿನ ಕಟ್ಟಿಬಿದ್ದಿದೆ ಅಷ್ಟೆ. ಓದುವವರಿಗೆ ಮಾತ್ರ ಉದ್ದದ ಅವಧಿಯೇ ಲಾಭ ಎಂದು ಕಾಣುತ್ತದೆ.

ಇದರಿಂದ ನಷ್ಟ ಆಗುವುದು ಎಲ್ಲಿ ಎಂದರೆ ಹೋಲಿಸುವಾಗ. ‘ಶೇ. 8.5 ಬಡ್ಡಿ, ವರ್ಷಕ್ಕೊಮ್ಮೆ ಚಕ್ರಬಡ್ಡಿ’ ಎಂದು ಒಂದು ಕಡೆ, ‘ಸರಾಸರಿ ಶೇ. 11.1’ ಎಂದು ಇನ್ನೊಂದು ಕಡೆ ಬರೆದಿದ್ದರೆ ಯಾರಾದರೂ 11.1ರ ಕಡೆಗೇ ಹೋಗುತ್ತಾರೆ. ಶೇ. 8.5ರಲ್ಲಿ 1 ಲಕ್ಷ 9 ವರ್ಷ ಬೆಳೆದರೆ 2,08,386 ರೂಪಾಯಿ ಆಗುತ್ತದೆ. 11.1 ಎಂದು ಕೂಗಿದ ಠೇವಣಿಗಿಂತ ಎಂಟು ಸಾವಿರ ಜಾಸ್ತಿ. 10 ಲಕ್ಷ ಇಟ್ಟವರಿಗೆ ಅದು 83 ಸಾವಿರಕ್ಕೂ ಮೇಲೆ. ಶೇ. 8.5ರ ಠೇವಣಿ 5 ವರ್ಷಕ್ಕೇ ಮುಗಿದು, ಆಮೇಲೆ ದರ ಇಳಿಯಬಹುದು ಎಂಬ ಮಾತು ಬೇರೆ, ಅದನ್ನು ಯೋಚಿಸಿಯೇ ತೀರ್ಮಾನ ಮಾಡಬೇಕು. ಆದರೆ 11.1 ದೊಡ್ಡದು, 8.5 ಸಣ್ಣದು ಎಂದು ತಿಳಿದು ತೀರ್ಮಾನ ಮಾಡುವುದು ಲೆಕ್ಕವನ್ನೇ ತಲೆಕೆಳಗೆ ಮಾಡಿದಂತೆ.

‘ದುಪ್ಪಟ್ಟು’ ಎಂಬುದೂ ಒಂದೇ ಅಲ್ಲ

ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರ ಹೆಸರು ಹೇಳಿದರೆ ಸಾಕು, ‘ದುಪ್ಪಟ್ಟಾಗುವ ಪತ್ರ’ ಎನ್ನುತ್ತಾರೆ ಹಿರಿಯರು. 1988ರ ಏಪ್ರಿಲ್‌ನಲ್ಲಿ ಅದು ಶುರುವಾದಾಗ ಹಣ ದುಪ್ಪಟ್ಟಾಗುತ್ತಿದ್ದದ್ದು ಐದೂವರೆ ವರ್ಷಕ್ಕೆ. 2011ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, 2014ರ ನವೆಂಬರ್‌ನಲ್ಲಿ ಮತ್ತೆ ತಂದಿತು. ಆಗ ಅವಧಿ 100 ತಿಂಗಳು. 2023ರ ಏಪ್ರಿಲ್‌ನಲ್ಲಿ 115 ತಿಂಗಳು ಎಂದಾಯಿತು, ಅಂದರೆ 9 ವರ್ಷ 7 ತಿಂಗಳು.

ಮೂರು ಕಾಲದಲ್ಲೂ ಪತ್ರ ಹೇಳಿದ್ದು ‘ದುಪ್ಪಟ್ಟು’ ಎಂದೇ. ವರ್ಷದ ದರಕ್ಕೆ ಇಳಿಸಿ ನೋಡಿದರೆ ಮಾತ್ರ ವ್ಯತ್ಯಾಸ ಕಾಣುವುದು. ಐದೂವರೆ ವರ್ಷಕ್ಕೆ ದುಪ್ಪಟ್ಟು ಎಂದರೆ ವರ್ಷಕ್ಕೆ ಶೇ. 13.4. ನೂರು ತಿಂಗಳಿಗೆ ಶೇ. 8.7. ನೂರ ಹದಿನೈದು ತಿಂಗಳಿಗೆ ಶೇ. 7.5. ಅಪ್ಪನ ಕಾಲದ ಪತ್ರವನ್ನು ನೆನೆದು ಈಗಿನ ಪತ್ರ ಕೊಳ್ಳುವವರು ಹೆಸರು ಒಂದೇ ಎಂದು ದರವೂ ಒಂದೇ ಎಂದುಕೊಳ್ಳಬಾರದು.

ಅಂಚೆ ಇಲಾಖೆಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಅಲ್ಲಿ 115 ತಿಂಗಳು ಎನ್ನುವುದರ ಜೊತೆಗೆ ಶೇ. 7.5 ಚಕ್ರಬಡ್ಡಿ ಎಂದೂ ಹೇಳುತ್ತಾರೆ. ಸರಾಸರಿ ಹಾಕಿದ್ದರೆ ಶೇ. 10.4 ಎಂದು ಬರೆಯಬಹುದಿತ್ತು, ಬರೆದಿಲ್ಲ. ದೇಶದ ಅಂಚೆ ಕಚೇರಿಗಳೆಲ್ಲ ಹೇಳಬಲ್ಲ ಸಂಖ್ಯೆಯನ್ನು ನಮ್ಮೂರ ಸೊಸೈಟಿಯೂ ಹೇಳಬಹುದು.

ಫೋನಿನಲ್ಲಿ ಲೆಕ್ಕ ಮಾಡುವ ಕ್ರಮ

ದುಪ್ಪಟ್ಟಿನ ಲೆಕ್ಕ ಮಾತ್ರವಾದರೆ ಬಾಯಿಲೆಕ್ಕ ಸಾಕು. 72ನ್ನು ವರ್ಷಗಳಿಂದ ಭಾಗಿಸಿ. 9 ವರ್ಷವಾದರೆ 8, 12 ವರ್ಷವಾದರೆ 6. ಐದೂವರೆ ವರ್ಷಕ್ಕೆ 13.1 ಬರುತ್ತದೆ, ನಿಜ 13.4. ಅಂದಾಜಿಗೆ ಇಷ್ಟು ಸಾಕು. ಆದರೆ 72ರ ಲೆಕ್ಕ ದುಪ್ಪಟ್ಟಿಗೆ ಮಾತ್ರ. ಒಂದೂವರೆ ಪಟ್ಟಿಗೆ, ಮೂರು ಪಟ್ಟಿಗೆ ಅದು ನಡೆಯದು.

ಬೇರೆ ಮೊತ್ತಕ್ಕೆ ಫೋನಿನ ಕ್ಯಾಲ್ಕುಲೇಟರ್ ತೆಗೆದು ಫೋನನ್ನು ಅಡ್ಡ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಆಗ ಇನ್ನಷ್ಟು ಗುಂಡಿಗಳು ಬರುತ್ತವೆ, ಅವುಗಳಲ್ಲಿ `^` ಅಥವಾ `xʸ` ಎಂಬುದು ನಮಗೆ ಬೇಕಾದದ್ದು. ಕೊನೆಯ ಮೊತ್ತವನ್ನು ಮೊದಲ ಮೊತ್ತದಿಂದ ಭಾಗಿಸಿ, ಅದರ ಮೇಲೆ ‘ಒಂದು ಭಾಗಿಸು ವರ್ಷ’ದ ಘಾತ ಹಾಕಿ, 1 ಕಳೆಯಬೇಕು. ನಮ್ಮ 9 ವರ್ಷದ ಕರಪತ್ರಕ್ಕೆ ಅದು ಹೀಗೆ:

```
(200000/100000)^(1/9)-1
```

ಉತ್ತರ 0.08006 ಎಂದು ಬರುತ್ತದೆ. ನೂರರಿಂದ ಗುಣಿಸಿದರೆ ಶೇ. 8.0.

ಇಲ್ಲಿ ಎಡವುವ ಜಾಗ ಎರಡು. ಮೊದಲನೆಯದು `(1/9)` ಸುತ್ತಲಿನ ಕಂಸ. ಅದನ್ನು ಬಿಟ್ಟರೆ ಕ್ಯಾಲ್ಕುಲೇಟರ್ ಮೊದಲು ಘಾತ ಮಾಡಿ ಆಮೇಲೆ 9ರಿಂದ ಭಾಗಿಸುತ್ತದೆ, ಉತ್ತರ -0.7778 ಎಂದು ಬರುತ್ತದೆ. ದುಪ್ಪಟ್ಟಾದ ದುಡ್ಡಿಗೆ ಋಣ ಚಿಹ್ನೆ ಬಂತೆಂದರೆ ಕಂಸ ಮರೆತಿದೆ ಎಂದೇ ಅರ್ಥ.

ಎರಡನೆಯದು ವರ್ಷದ ಎಣಿಕೆ. 9 ವರ್ಷ 7 ತಿಂಗಳು ಎಂದರೆ 9.7 ಅಲ್ಲ. ವರ್ಷಕ್ಕೆ ತಿಂಗಳು 12 ಆದ್ದರಿಂದ 7 ತಿಂಗಳು ಎಂದರೆ 0.58 ವರ್ಷ, ಒಟ್ಟು 9.58. ಸುಲಭದ ದಾರಿ ಎಂದರೆ `(1/9)` ಬದಲು `(12/115)` ಎಂದು ತಿಂಗಳಲ್ಲೇ ಬರೆಯುವುದು. ಹಾಗೆಯೇ 2015ರ ನವೆಂಬರ್‌ನಿಂದ 2023ರ ನವೆಂಬರ್‌ಗೆ 8 ವರ್ಷ. 15, 16, 17 ಎಂದು ಬೆರಳು ಮಡಚಿ 23ರವರೆಗೆ ಎಣಿಸಿದರೆ 9 ಆಗಿಬಿಡುತ್ತದೆ. ಎಣಿಸಬೇಕಾದ್ದು ಇಸವಿಗಳನ್ನಲ್ಲ, ನಡುವಿನ ಅಂತರವನ್ನು. ಗೂಟಗಳನ್ನಲ್ಲ, ಎರಡು ಗೂಟದ ನಡುವಿನ ಬೇಲಿಯನ್ನು ಎಣಿಸಿದ ಹಾಗೆ.

ಏನು ಉತ್ತರ ಬಂದರೂ ಮೇಲೆ ಹೇಳಿದ ಹಾಗೆ ಗುಣಿಸುತ್ತ ಹೋಗಿ ತಾಳೆ ನೋಡಿ. ಕೊನೆಯ ಮೊತ್ತದ ಹತ್ತಿರ ಬಂದು ನಿಂತರೆ ಲೆಕ್ಕ ಸರಿ.

ಈ ಲೆಕ್ಕಕ್ಕೆ ಕಾಣದ ಸಂಗತಿಗಳು

ಸರಾಸರಿಯನ್ನು ಬೈದು ಚಕ್ರಬಡ್ಡಿ ದರವನ್ನು ಕಣ್ಣುಮುಚ್ಚಿ ನಂಬಿ ಎಂದರೆ ಅದೂ ತಪ್ಪೇ. ಈ ಲೆಕ್ಕಕ್ಕೆ ಕಾಣುವುದು ಎರಡು ತುದಿ ಮಾತ್ರ. ನಡುವೆ ಏನಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ.

ಸರ್ಕಾರದ ಚಿನ್ನದ ಬಾಂಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೊದಲ ಕಂತು 2015ರ ನವೆಂಬರ್‌ನಲ್ಲಿ ಬಂತು, ಗ್ರಾಂಗೆ 2,684 ರೂಪಾಯಿ. 8 ವರ್ಷದ ಮೇಲೆ, 2023ರ ನವೆಂಬರ್‌ನಲ್ಲಿ ಗ್ರಾಂಗೆ 6,132 ರೂಪಾಯಿಯಂತೆ ಹಣ ವಾಪಸ್ ಬಂತು. ಸರಾಸರಿ ಹಾಕಿದರೆ ವರ್ಷಕ್ಕೆ ಶೇ. 16. ಚಕ್ರಬಡ್ಡಿ ದರ ಶೇ. 10.9. ಆದರೆ ಈ ಬಾಂಡಿಗೆ ಇಟ್ಟ ಬೆಲೆಯ ಮೇಲೆ ವರ್ಷಕ್ಕೆ ಶೇ. 2.75ರಂತೆ ಬಡ್ಡಿಯೂ ಇತ್ತು, ಆರು ತಿಂಗಳಿಗೊಮ್ಮೆ ಖಾತೆಗೆ ಬರುತ್ತಿತ್ತು. ಗ್ರಾಂಗೆ ವರ್ಷಕ್ಕೆ ಸುಮಾರು 74 ರೂಪಾಯಿ. ಎರಡು ತುದಿಯ ಲೆಕ್ಕಕ್ಕೆ ಈ ಹಣ ಕಾಣಲಿಲ್ಲ. ಅದನ್ನೂ ಸೇರಿಸಿ ನೋಡಿದರೆ ದರ ಶೇ. 13ರ ಸಮೀಪ ಬರುತ್ತದೆ. ನಡುವೆ ಕೈಗೆ ಹಣ ಬರುವಲ್ಲಿ ಸಿಎಜಿಆರ್ ಕಡಿಮೆ ತೋರಿಸುತ್ತದೆ ಎಂದು ನೆನಪಿಡಿ.

ಆ 10.9ನ್ನು ನೋಡಿ ಚಿನ್ನ ಯಾವಾಗಲೂ ಹೀಗೇ ಬೆಳೆಯುತ್ತದೆ ಎಂದುಕೊಳ್ಳಬಾರದು. 1980ರ ಜನವರಿಯಲ್ಲಿ ಲಂಡನ್ ಪೇಟೆಯಲ್ಲಿ ಚಿನ್ನ ಔನ್ಸಿಗೆ 850 ಡಾಲರಿಗೆ ಏರಿತ್ತು. ಇಪ್ಪತ್ತು ವರ್ಷ ಕಳೆದು 2000ದಲ್ಲಿ ಅದು 300 ಡಾಲರಿಗೂ ಕೆಳಗಿತ್ತು. ಎಲ್ಲಿಂದ ಎಣಿಸಲು ಶುರು ಮಾಡುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಕರಪತ್ರದವರು ತಮಗೆ ಬೇಕಾದ ವರ್ಷದಿಂದ ಶುರು ಮಾಡುತ್ತಾರೆ. ಮನೆಯ ಒಡವೆಗೆ ಲೆಕ್ಕ ಹಾಕುವಾಗ ಇನ್ನೊಂದು ಎಚ್ಚರ ಬೇಕು. ಮೊದಲ ಮೊತ್ತ ಎಂದರೆ ಮಜೂರಿ, ತೆರಿಗೆ ಎಲ್ಲ ಸೇರಿ ಅಂಗಡಿಗೆ ಕೊಟ್ಟ ದುಡ್ಡು. ಕೊನೆಯ ಮೊತ್ತ ಎಂದರೆ ಮಾರಲು ಹೋದಾಗ ಅಂಗಡಿಯವರು ಕೈಗೆ ಕೊಡುವ ದುಡ್ಡು. ಪೇಪರಿನಲ್ಲಿ ಬಂದ ಚಿನ್ನದ ದರ ಇವೆರಡೂ ಅಲ್ಲ.

ಇದಕ್ಕೆ ತಿರುಗುಮುರುಗು ಸಂಗತಿ ವಿಮೆ, ಆರ್‌ಡಿ, ಪಿಗ್ಮಿಯದ್ದು. ಅಲ್ಲಿ ಹಣ ಒಂದೇ ಸಲ ಹೋಗುವುದಿಲ್ಲ, ಕಂತಿನಲ್ಲಿ ಹೋಗುತ್ತದೆ. ವರ್ಷಕ್ಕೆ 25 ಸಾವಿರದಂತೆ 20 ವರ್ಷ ಕಟ್ಟಿ, ಕೊನೆಗೆ 9 ಲಕ್ಷ ಬರುತ್ತದೆ ಎಂದುಕೊಳ್ಳಿ. ಕಟ್ಟಿದ್ದು 5 ಲಕ್ಷ. 5 ಲಕ್ಷ, 9 ಲಕ್ಷ, 20 ವರ್ಷ ಎಂದು ನಮ್ಮ ಸೂತ್ರಕ್ಕೆ ಹಾಕಿದರೆ ಶೇ. 3.0 ಬರುತ್ತದೆ. ಅದು ತಪ್ಪು, ಏಕೆಂದರೆ 5 ಲಕ್ಷವೂ 20 ವರ್ಷ ದುಡಿದಿಲ್ಲ. ಮೊದಲ ಕಂತು 20 ವರ್ಷ ದುಡಿದಿದೆ, ಕೊನೆಯ ಕಂತು ದುಡಿದದ್ದು ಒಂದೇ ವರ್ಷ. ಕಂತುಗಳ ಲೆಕ್ಕಕ್ಕೆ ಫೋನಿನಲ್ಲಿ ಗೂಗಲ್ ಶೀಟ್ಸ್ ಇದ್ದರೆ ಒಂದು ಚೌಕದಲ್ಲಿ ಹೀಗೆ ಬರೆಯಬಹುದು:

```
=RATE(20,-25000,0,900000,1)
```

20 ಎಂದರೆ ಕಂತುಗಳ ಸಂಖ್ಯೆ. 25 ಸಾವಿರ ನಮ್ಮ ಕೈಯಿಂದ ಹೋಗುವುದರಿಂದ ಅದಕ್ಕೆ ಋಣ ಚಿಹ್ನೆ. ಕೊನೆಯ 1, ಕಂತನ್ನು ವರ್ಷದ ಶುರುವಿನಲ್ಲೇ ಕಟ್ಟುತ್ತೇವೆ ಎಂಬುದಕ್ಕೆ. ಉತ್ತರ ಶೇ. 5.3 ಆಗುತ್ತದೆ. ಚೌಕದಲ್ಲಿ ಬರೀ 5% ಎಂದು ಕಂಡರೆ ದಶಮಾಂಶ ಹೆಚ್ಚು ತೋರಿಸುವಂತೆ ಮಾಡಿಕೊಳ್ಳಿ. ಈ ಸಂಖ್ಯೆಯಲ್ಲಿ ವಿಮೆಯ ರಕ್ಷಣೆಯ ಬೆಲೆ ಸೇರಿಲ್ಲ, ಅದು ಬೇಕೋ ಬೇಡವೋ ಎಂಬುದು ಮನೆಯವರು ಯೋಚಿಸಬೇಕಾದ ಬೇರೆ ವಿಷಯ. ಆದರೆ ಉಳಿತಾಯ ಎಂದು ಹೇಳಿ ಮಾರಿದ್ದನ್ನು ಉಳಿತಾಯದ ಅಳತೆಯಲ್ಲೇ ಅಳೆಯಬೇಕು.

ಕೊನೆಯದಾಗಿ, ಅಪಾಯ ಎಂಬುದು ಯಾವ ದರದಲ್ಲೂ ಕಾಣುವುದಿಲ್ಲ. ಬ್ಯಾಂಕಿನ ಠೇವಣಿಗೆ, ಅದು ಸಹಕಾರಿ ಬ್ಯಾಂಕೇ ಆದರೂ, ಒಬ್ಬ ಠೇವಣಿದಾರರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಬ್ಯಾಂಕಲ್ಲದ ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಸೊಸೈಟಿ ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತದೆ ಎಂದರೆ ಆ ಅರ್ಧ ಪರ್ಸೆಂಟ್ ಯಾತಕ್ಕೆ ಎಂದು ಕೇಳಿಕೊಳ್ಳಬೇಕು. ಸರಾಸರಿಯ ಸಂಖ್ಯೆ ಇಟ್ಟುಕೊಂಡು ಆ ಪ್ರಶ್ನೆ ಕೇಳುವುದಕ್ಕೇ ಆಗುವುದಿಲ್ಲ, ಅರ್ಧವೋ ಮೂರೋ ಎಂದೇ ತಿಳಿಯದು.

ಮಹಾಸಭೆಯಲ್ಲಿ ಕೇಳೋಣ

ಇದಕ್ಕೆ ಆಡಳಿತ ಮಂಡಳಿಯವರಿಂದ ಬರುವ ಉತ್ತರ ಏನಿರಬಹುದು ಎಂದು ಊಹಿಸಬಹುದು. ‘ಸರಾಸರಿ ಹಾಕುವುದು ಮೊದಲಿನಿಂದ ನಡೆದು ಬಂದದ್ದು, ದೊಡ್ಡ ಬ್ಯಾಂಕುಗಳೂ ಹಾಕುತ್ತವೆ. ಕೊನೆಗೆ ಕೈಗೆ ಬರುವ ಮೊತ್ತವನ್ನು ಪತ್ರದಲ್ಲೇ ಬರೆದುಕೊಡುತ್ತೇವೆ. ಒಂದು ರೂಪಾಯಿಯೂ ಕಡಿಮೆ ಕೊಟ್ಟಿಲ್ಲವಲ್ಲ ಮಾರಾಯ್ರೆ?’ ಮಾತು ನಿಜ. ಮೊತ್ತದಲ್ಲಿ ಮೋಸವಿಲ್ಲ. ಪಕ್ಕದ ಸೊಸೈಟಿ ಹಾಕಿದಾಗ ತಾವು ಹಾಕದಿದ್ದರೆ ಠೇವಣಿ ಅತ್ತ ಹೋದೀತು ಎಂಬ ಅವರ ಹೆದರಿಕೆಯೂ ಸುಳ್ಳಲ್ಲ.

ಆದರೆ ಸದಸ್ಯರು ಕರಪತ್ರ ಓದುವುದು ಮೊತ್ತ ತಿಳಿಯಲು ಮಾತ್ರವಲ್ಲ, ಎಲ್ಲಿ ಇಡಬೇಕು ಎಂದು ಆರಿಸಲು. ಅವಧಿ ಬೇರೆ ಬೇರೆ ಇರುವಾಗ ಸರಾಸರಿ ಇಟ್ಟುಕೊಂಡು ಆರಿಸಲು ಆಗುವುದಿಲ್ಲ. ಅಲ್ಲದೆ ಸೊಸೈಟಿ ಸದಸ್ಯರದ್ದೇ ಸಂಸ್ಥೆ. ಸಾಲ ಕೊಡುವಾಗ ಬಡ್ಡಿಯನ್ನು ಈ ‘ಸರಾಸರಿ’ಯಲ್ಲಿ ಹೇಳುವ ಕ್ರಮ ಇಲ್ಲ, ಹೇಳಿದ್ದರೆ ಸಾಲದ ಬಡ್ಡಿ ಎಷ್ಟು ದೊಡ್ಡದಾಗಿ ಕಾಣುತ್ತಿತ್ತು ಎಂದು ಯೋಚಿಸಿ. ಸಾಲಕ್ಕೆ ಒಂದು ಅಳತೆ, ಠೇವಣಿಗೆ ಇನ್ನೊಂದು ಅಳತೆ ಏಕೆ ಬೇಕು?

ಮಳೆಗಾಲ ಮುಗಿಯುವ ಹೊತ್ತಿಗೆ ಸಂಘಗಳ ವಾರ್ಷಿಕ ಮಹಾಸಭೆಗಳು ನಡೆಯುತ್ತವೆ. ಪಾನಕ, ಊಟದ ಮೊದಲು ಎದ್ದು ನಿಂತು ಒಂದೇ ಮಾತು ಕೇಳಿದರೆ ಸಾಕು. ಠೇವಣಿಯ ಕರಪತ್ರದಲ್ಲೂ, ಕೊಡುವ ಪತ್ರದಲ್ಲೂ ‘ಇಟ್ಟ ಮೊತ್ತ, ಬರುವ ಮೊತ್ತ, ಅವಧಿ, ವರ್ಷದ ಚಕ್ರಬಡ್ಡಿ ದರ’ ಎಂಬ ನಾಲ್ಕನ್ನು ಒಂದೇ ಸಾಲಿನಲ್ಲಿ ಅಚ್ಚು ಹಾಕಿಸಿ, ಸರಾಸರಿಯನ್ನು ತೆಗೆದುಬಿಡಿ. ಇದಕ್ಕೆ ಹೊಸ ಕಾನೂನು ಬೇಡ, ಖರ್ಚೂ ಇಲ್ಲ. ಒಂದು ಸೊಸೈಟಿ ಶುರು ಮಾಡಿದರೆ, ‘ನಿಮ್ಮದೆಷ್ಟು?’ ಎಂದು ಪಕ್ಕದ ಊರಿನ ಸದಸ್ಯರೂ ತಮ್ಮ ಸೊಸೈಟಿಯಲ್ಲಿ ಕೇಳುತ್ತಾರೆ.